ರೂ. 39,424, ಜೂನ್ 30ರೊಳಗೆ

ಮನೆ ಖಾಲಿ ಮಾಡಿ ಎರಡು ವಾರ ಆಗಿತ್ತು. ಆ ಎರಡು ವಾರದಲ್ಲಿ ಹಳೆ ಮನೆಯ ಯಜಮಾನರಿಗೆ ಐದು ಸಲ ಫೋನ್ ಮಾಡಿದ್ದೆ. ಐದು ಸಲವೂ ಅದೇ ಮಾತು. "ಅಂಕಲ್, ಅಡ್ವಾನ್ಸ್ ವಿಷಯ..." ಅಂತ ನಾನು ಶುರು ಮಾಡುವುದು, "ಕೊಡಾನ ತಗಳಮ್ಮ, ಎಲ್ಲಿಗೆ ಹೋಗ್ತೈತಿ, ಮನಿಗೆ ಯಾರಾದ್ರೂ ಬರ್ಲಿ" ಅಂತ ಅವರು ಹೇಳುವುದು. ಆಮೇಲೆ ಹೊಸ ಮನೆಯಲ್ಲಿ ನೀರು ಹೆಂಗೆ ಬರ್ತದೆ, ಮಗ ಸ್ಕೂಲಿಗೆ ಹೊಂದಿಕೊಂಡನಾ ಅಂತ ಕೇಳುತ್ತಿದ್ದರು. ನಾನು ಉತ್ತರ ಹೇಳಿ ಫೋನ್ ಇಡುತ್ತಿದ್ದೆ. ಇಟ್ಟ ಮೇಲೆ ಹೊಟ್ಟೆಯಲ್ಲಿ ಒಂಥರಾ ಸಂಕಟ. ಜಗಳ ಆಗಿಲ್ಲ, ಯಾರೂ ಇಲ್ಲ ಅಂದಿಲ್ಲ. ಆದರೂ ದುಡ್ಡು ಒಂದು ಹೆಜ್ಜೆಯೂ ನನ್ನ ಕಡೆ ಬಂದಿರಲಿಲ್ಲ.

ನಾನು ದಾವಣಗೆರೆಯ ಚೌಕಿಪೇಟೆಯ ಒಂದು ಹೋಲ್‌ಸೇಲ್ ಬಟ್ಟೆ ಅಂಗಡಿಯಲ್ಲಿ ಲೆಕ್ಕ ಬರೆಯುತ್ತೇನೆ. ಪಾರ್ಟಿಗಳಿಗೆ ಬಾಕಿ ಪಟ್ಟಿ ಕಳಿಸುವುದು ನನ್ನ ದಿನದ ಕೆಲಸ. ಯಾವ ಬಿಲ್, ಎಷ್ಟು ಮೊತ್ತ, ವಾಪಸ್ ಬಂದ ಮಾಲು ಎಷ್ಟು, ಕಳೆದು ಉಳಿದಿದ್ದು ಎಷ್ಟು, ಯಾವ ತಾರೀಕಿನೊಳಗೆ ಬೇಕು. ಇಷ್ಟಿಲ್ಲದೆ ಯಾವ ಪಾರ್ಟಿಯೂ ಹಣ ಹಾಕುವುದಿಲ್ಲ ಅಂತ ನನಗೆ ಚೆನ್ನಾಗಿ ಗೊತ್ತು. ಐದನೇ ಫೋನ್ ಇಟ್ಟ ಮೇಲೆ ಹೊಳೆಯಿತು: ಈ ಐದು ಮಾತುಕತೆಯಲ್ಲಿ ನಾನು ಒಂದು ಸಲವೂ ಒಂದು ಮೊತ್ತ ಹೇಳಿರಲಿಲ್ಲ. ಒಂದು ತಾರೀಕೂ ಹೇಳಿರಲಿಲ್ಲ. "ಅಡ್ವಾನ್ಸ್ ಯಾವಾಗ ಕೊಡ್ತೀರಿ" ಅಂದರೆ ಅದಕ್ಕೆ "ಕೊಡಾನ" ಅನ್ನುವುದೇ ಸರಿಯಾದ ಉತ್ತರ ಅಲ್ವಾ? ಕೇಳಿದ್ದರಲ್ಲಿ ಇಲ್ಲದ್ದು ಉತ್ತರದಲ್ಲಿ ಎಲ್ಲಿಂದ ಬರಬೇಕು?

ಅಡ್ವಾನ್ಸ್ ಅನ್ನುವ ಪದ

ನಮ್ಮ ಕಡೆ ಎಲ್ಲರೂ ಅಡ್ವಾನ್ಸ್ ಅಂತಲೇ ಅನ್ನುವುದು. ಆದರೆ ಕರಾರು ಪತ್ರ ತೆಗೆದು ನೋಡಿದರೆ ಅದರಲ್ಲಿ "ಭದ್ರತಾ ಠೇವಣಿ" ಅಂತ ಇರುತ್ತದೆ. ಎರಡಕ್ಕೂ ದೊಡ್ಡ ವ್ಯತ್ಯಾಸ ಇದೆ. ಅಡ್ವಾನ್ಸ್ ಅಂದರೆ ಮುಂಗಡ, ಕೊಟ್ಟವರ ಕೈಬಿಟ್ಟು ಹೋದ ದುಡ್ಡು. ಠೇವಣಿ ಅಂದರೆ ನನ್ನದೇ ದುಡ್ಡು, ಅವರ ಹತ್ತಿರ ಇಟ್ಟಿರುವುದು. ಪದ ಹೀಗೆ ಬದಲಾದ ಕಾರಣಕ್ಕೋ ಏನೋ, ಬಹಳ ಯಜಮಾನರು ಅದನ್ನು ಬೇರೆ ಇಡುವುದಿಲ್ಲ. ಮನೆ ಮೇಲೆ ಇನ್ನೊಂದು ರೂಮು ಕಟ್ಟಲು, ಮಗಳ ಮದುವೆಗೆ, ಬೋರ್‌ವೆಲ್ ಮೋಟರ್‌ಗೆ ಅಂತ ಖರ್ಚಾಗಿರುತ್ತದೆ. ಖಾಲಿ ಮಾಡುವವರಿಗೆ ಕೊಡುವುದು ಮುಂದೆ ಬರುವವರ ಅಡ್ವಾನ್ಸಿನಿಂದ. "ಯಾರಾದ್ರೂ ಬರ್ಲಿ" ಅನ್ನುವ ಮಾತಿನ ಅರ್ಥ ಇಷ್ಟೇ. ಅವರು ಮೋಸ ಮಾಡುತ್ತಿದ್ದಾರೆ ಅಂತ ನನಗೆ ಒಂದು ದಿನವೂ ಅನಿಸಿಲ್ಲ. ಆದರೆ ಹೊಸ ಬಾಡಿಗೆದಾರರು ಯಾವಾಗ ಬರುತ್ತಾರೆ ಅನ್ನುವುದು ಕರಾರಿನಲ್ಲಿ ಎಲ್ಲೂ ಇಲ್ಲ. ಮನೆ ಆರು ತಿಂಗಳು ಖಾಲಿ ಇದ್ದರೆ ನಾನು ಆರು ತಿಂಗಳು ಕಾಯಬೇಕು ಅಂತಲೂ ಇಲ್ಲ.

ಇದಕ್ಕೆ ಹೆದರಿಯೇ ಬಹಳ ಜನ ಕೊನೆಯ ಐದಾರು ತಿಂಗಳು ಬಾಡಿಗೆ ನಿಲ್ಲಿಸಿ, ಅಡ್ವಾನ್ಸ್‌ನಲ್ಲಿ ಮುರ್ಕೊಳ್ಳಿ ಅಂತ ಹೇಳಿಬಿಡುತ್ತಾರೆ. ನನ್ನ ತಂಗಿಯೂ ಹಾಗೇ ಮಾಡು ಅಂದಿದ್ದಳು. ನಾನು ಮಾಡಲಿಲ್ಲ. ಯಜಮಾನರು ಒಪ್ಪದೆ ಹಾಗೆ ಮಾಡಿದರೆ ಕರಾರು ಮುರಿದವರು ನಾವೇ ಆಗುತ್ತೇವೆ, ಆಮೇಲೆ ನಮ್ಮ ಲೆಕ್ಕವನ್ನು ಯಾರೂ ನಂಬುವುದಿಲ್ಲ. ಮೇ ತಿಂಗಳದ್ದು ಒಂದನ್ನು ಮಾತ್ರ ಯಜಮಾನರೇ "ಅಡ್ವಾನ್ಸ್‌ನಾಗೆ ಮುರ್ಕಂತೀವಿ" ಅಂದಿದ್ದರು.

ಮೊದಲು ನನ್ನ ಬಾಕಿ

ಜೂನ್ 14ರ ರಾತ್ರಿ ಮಗ ಮಲಗಿದ ಮೇಲೆ ಕರಾರು ಪತ್ರ, ಬಿಲ್ಲು, ಫೋನ್ ಎಲ್ಲಾ ಮುಂದಿಟ್ಟುಕೊಂಡು ಕೂತೆ. ಅಂಗಡಿಯಲ್ಲಿ ಮಾಡುವ ಹಾಗೇ ಮಾಡೋಣ ಅಂದುಕೊಂಡೆ. ಒಂದೇ ಒಂದು ವ್ಯತ್ಯಾಸ: ಇಲ್ಲಿ ಕಳೆಯುವ ಬಾಬತ್ತುಗಳನ್ನು ಅವರು ಹೇಳುವ ಮೊದಲು ನಾನೇ ಬರೆಯಬೇಕು. ನಾವು ಸುಮ್ನೆ "ಅರವತ್ತು ಸಾವಿರ ಕೊಡಿ" ಅಂದರೆ, ಅವರು ಕಳೆಯುವುದನ್ನು ಹುಡುಕಲು ಶುರು ಮಾಡುತ್ತಾರೆ. ಹುಡುಕಲು ಕೂತವರಿಗೆ ಹಳೆ ಮನೆಯಲ್ಲಿ ಏನು ಬೇಕಾದರೂ ಸಿಗುತ್ತದೆ. ನ್ಯಾಯವಾಗಿ ಕಳೆಯಬೇಕಾದ್ದನ್ನು ನಾವೇ ಕಳೆದು ಕಳಿಸಿದರೆ, ಮಾತು ನಮ್ಮ ಪಟ್ಟಿಯ ಮೇಲೆ ನಡೆಯುತ್ತದೆ.

ಠೇವಣಿ 60,000. ಮೇ ತಿಂಗಳ ಬಾಡಿಗೆ 8,820, ಇದರಲ್ಲಿ ಅನುಮಾನ ಇಲ್ಲ. ಪೇಂಟಿಂಗ್‌ಗೆ ಬಂದಾಗ ಸ್ವಲ್ಪ ಹೊತ್ತು ನಿಂತೆ. "ಖಾಲಿ ಮಾಡುವಾಗ ಪೇಂಟಿಂಗ್ ಬಾಬ್ತು ಒಂದು ತಿಂಗಳ ಬಾಡಿಗೆ ಮುರಿದುಕೊಳ್ಳಲಾಗುವುದು" ಅಂತ ಕರಾರಿನಲ್ಲಿತ್ತು. ಯಾವ ತಿಂಗಳ ಬಾಡಿಗೆ? ನಾವು 2022ರ ಜೂನ್‌ನಲ್ಲಿ ಬಂದಾಗ 8,000 ಇತ್ತು. ವರ್ಷಕ್ಕೊಮ್ಮೆ ಕರಾರು ಹೊಸದಾಗುವಾಗ ನೂರಕ್ಕೆ ಐದರಂತೆ ಏರಿ 8,400, ಆಮೇಲೆ 8,820 ಆಯಿತು. ಮೊದಲ ಕರಾರನ್ನೇ ಹಿಡಿದರೆ 820 ರೂಪಾಯಿ ಉಳಿಯುತ್ತಿತ್ತು. ಆದರೆ ಕೊನೆಯ ಕರಾರಿನಲ್ಲೂ ಅದೇ ಸಾಲು ಇದೆ, ಬಾಡಿಗೆ ಮಾತ್ರ 8,820. ಅದನ್ನೇ ಬರೆದೆ. ಅನುಮಾನ ಇದ್ದ ಕಡೆ ನನಗೇ ನಷ್ಟ ಹಾಕಿಕೊಂಡಿದ್ದು ಆಮೇಲೆ ಎಷ್ಟು ಉಪಯೋಗಕ್ಕೆ ಬಂತು ಅಂತ ಮುಂದೆ ಹೇಳುತ್ತೇನೆ.

ಕರೆಂಟ್ ಬಿಲ್ಲಿನದು ಬೇರೆ ಕಥೆ. ಗೃಹಜ್ಯೋತಿ ಇದ್ದಿದ್ದರಿಂದ ಬಹಳ ತಿಂಗಳು ಸೊನ್ನೆ ಬಿಲ್ಲೇ ಬರುತ್ತಿತ್ತು. ಮೇ ತಿಂಗಳಲ್ಲಿ ಕೂಲರ್ ಹಗಲೂ ರಾತ್ರಿ ಓಡಿತ್ತು. ನಮಗಿದ್ದ ಉಚಿತ ಯೂನಿಟ್ ದಾಟಿ 386 ರೂಪಾಯಿ ಬಂತು. ಬಿಲ್ ಬಂದಿದ್ದು ಜೂನ್ 4ಕ್ಕೆ. ಖಾಲಿ ಮಾಡಿದ ದಿನ ಮೀಟರಿನ ಫೋಟೊ ತೆಗೆದುಕೊಂಡಿದ್ದೆ. ಬಿಲ್ಲಿನ ರೀಡಿಂಗೂ ಫೋಟೊದ ರೀಡಿಂಗೂ ಒಂದೇ ಇದ್ದಿದ್ದರಿಂದ ಅದು ಪೂರ್ತಿ ನಮ್ಮದೇ ಅಂತ ಗೊತ್ತಾಯಿತು. ಇನ್ನೊಂದು ವಿಷಯ ಬಹಳ ಜನ ಮರೆಯುತ್ತಾರೆ. ಮನೆಯ ಆರ್.ಆರ್. ನಂಬರಿಗೆ ನಮ್ಮ ಆಧಾರ್ ಜೋಡಿಸಿರುತ್ತೇವಲ್ಲ, ಖಾಲಿ ಮಾಡಿದ ಮೇಲೆ ಸೇವಾಸಿಂಧುವಿನಲ್ಲಿ ಅದನ್ನು ಡಿ-ಲಿಂಕ್ ಮಾಡಬೇಕು. ಇಲ್ಲದಿದ್ದರೆ ಮುಂದೆ ಬರುವವರಿಗೆ ತೊಂದರೆ, ನಮಗೂ ಹೊಸ ಮನೆಯಲ್ಲಿ ತೊಂದರೆ. ದುಡ್ಡು ಕೊಡುವವರೆಗೆ ಡಿ-ಲಿಂಕ್ ಮಾಡಬೇಡ ಅಂತ ಒಬ್ಬರು ಹೇಳಿದ್ದರು. ಅದು ನನಗೆ ಸರಿ ಕಾಣಲಿಲ್ಲ. ಮಾಡಿಬಿಟ್ಟು, ಮಾಡಿದ್ದೇನೆ ಅಂತ ಮೇಲ್‌ನಲ್ಲಿ ಬರೆದೆ.

ನೀರಿಗೆ ತಿಂಗಳಿಗೆ 200, ಮೇ ತಿಂಗಳದ್ದು ಬಾಕಿ. ಕೊನೆಯದು ವಾಶ್ ಬೇಸಿನ್. ಮಗ ಸ್ಟೀಲ್ ಚೊಂಬು ಬೀಳಿಸಿ ಅಂಚಿನಿಂದ ತಳದವರೆಗೆ ಬಿರುಕು ಬಿಟ್ಟಿತ್ತು. ಇದು ನಮ್ಮಿಂದಲೇ ಆದದ್ದು. ಅಂಗಡಿಯಲ್ಲಿ ಅದೇ ಅಳತೆಯ ಬೇಸಿನ್‌ಗೆ 1,850 ಅಂತ ಬರೆಸಿಕೊಂಡು ಬಂದೆ, ಪ್ಲಂಬರ್ ಕೂಲಿ 500 ಅಂದ. ಒಟ್ಟು 2,350.

ಎಲ್ಲಾ ಕೂಡಿದರೆ 20,576. ಅರವತ್ತು ಸಾವಿರದಲ್ಲಿ ಕಳೆದರೆ 39,424. ಆ ಮೊತ್ತ ಕಾಗದದ ಮೇಲೆ ಬಂದ ಮೇಲೆ ಹೊಟ್ಟೆಯ ಸಂಕಟ ಅರ್ಧ ಇಳಿಯಿತು.

ತಾರೀಕು ಹೇಗೆ ಇಟ್ಟೆ

"ಆದಷ್ಟು ಬೇಗ" ಅಂತ ಬರೆದು ಅಳಿಸಿದೆ. "ಮೂರು ದಿನದೊಳಗೆ" ಅಂತ ಬರೆದೆ, ಅದನ್ನೂ ಅಳಿಸಿದೆ. ನಮ್ಮ ಕರಾರಿನಲ್ಲಿ ಠೇವಣಿಯನ್ನು ಖಾಲಿ ಮಾಡಿದಾಗ ವಾಪಸ್ ಕೊಡತಕ್ಕದ್ದು ಅಂತ ಇತ್ತು, ಎಷ್ಟು ದಿನದೊಳಗೆ ಅಂತ ಇರಲಿಲ್ಲ. ಹಾಗಾಗಿ ಯಾರು ನೋಡಿದರೂ ಒಪ್ಪುವ ತಾರೀಕನ್ನು ನಾನೇ ಹುಡುಕಬೇಕಿತ್ತು. ಲೆಕ್ಕ ಮುಗಿಸಲು ಅವರಿಗೆ ಇನ್ನು ಏನು ಬೇಕು ಅಂತ ಯೋಚಿಸಿದೆ. ಕರೆಂಟ್ ಬಿಲ್ ಬಂದಾಗಿದೆ. ಬೇಸಿನ್‌ನ ಬೆಲೆ ಗೊತ್ತಾಗಿದೆ. ಮನೆ ನೋಡಿಯಾಗಿದೆ. ಅಂದರೆ ಕಾಯಬೇಕಾದ್ದು ಏನೂ ಇಲ್ಲ, ಹಣ ಹೊಂದಿಸಿಕೊಳ್ಳಲು ಮಾತ್ರ ಸಮಯ ಬೇಕು. ಅದಕ್ಕೆ ಎರಡು ವಾರ. ಜೂನ್ 30 ಅಂದರೆ ಕೀ ಕೊಟ್ಟು ತಿಂಗಳು ತುಂಬುತ್ತದೆ. ನಿಟ್ಟುವಳ್ಳಿಯ ಹೊಸ ಮನೆಗೆ ನಾನು ಉಳಿದ ಅಡ್ವಾನ್ಸ್ ಕಟ್ಟಬೇಕಿದ್ದು ಜುಲೈ 5ಕ್ಕೆ. ತಾರೀಕಿಗೆ ಒಂದು ಕಾರಣ ಇದ್ದರೆ ಅದು ಬೆದರಿಕೆಯಂತೆ ಕೇಳುವುದಿಲ್ಲ. ಕಾರಣವನ್ನೂ ಬರೆದೆ.

ಮೇಲ್ ಯಾಕೆ, ಮನೆಗೇ ಹೋಗಿ ಮಾತಾಡಬಹುದಿತ್ತಲ್ಲ ಅಂತ ನನ್ನವರು ಕೇಳಿದರು. ಕರಾರು, ಬಾಡಿಗೆ ಏರಿಕೆ ಎಲ್ಲಾ ನೋಡಿಕೊಳ್ಳುತ್ತಿದ್ದಿದ್ದು ಬೆಂಗಳೂರಿನಲ್ಲಿರುವ ಅವರ ಮಗ, ಮೇಲ್‌ನಲ್ಲೇ. ಯಜಮಾನರಿಗೆ ಹೇಳಿದ್ದು ಮಗನಿಗೆ ತಲುಪುವಾಗ ಬೇರೆ ಆಗುತ್ತಿತ್ತು. ಬರೆದಿದ್ದು ಹಾಗೆ ಬದಲಾಗುವುದಿಲ್ಲ. ಯಾವ ದಿನ, ಎಷ್ಟು ಕೇಳಿದೆ ಅನ್ನುವುದು ದಾಖಲೆಯಾಗಿ ಉಳಿಯುತ್ತದೆ. ಮೇಲ್ ಇಬ್ಬರಿಗೂ ಕಳಿಸಿದೆ. ಯಜಮಾನರು ಮೇಲ್ ನೋಡುವವರಲ್ಲ, ಅದಕ್ಕೆ ಒಂದು ಪ್ರಿಂಟ್ ತೆಗೆಸಿಟ್ಟುಕೊಂಡೆ. ಬರೆದದ್ದು ಇಷ್ಟು:

> ವಿಷಯ: ವಿದ್ಯಾನಗರದ ಮನೆಯ ಠೇವಣಿ ವಾಪಸ್, ರೂ. 39,424, ಜೂನ್ 30ರೊಳಗೆ
>
> ಸರ್, ನಮಸ್ಕಾರ.
>
> ವಿದ್ಯಾನಗರದ ನಿಮ್ಮ ಮನೆಯ ಮೊದಲ ಮಹಡಿಯಲ್ಲಿ ನಾವು 2022ರ ಜೂನ್ 1ರಿಂದ 2025ರ ಮೇ 31ರವರೆಗೆ ಬಾಡಿಗೆಗೆ ಇದ್ದೆವು. ಖಾಲಿ ಮಾಡುವುದಾಗಿ ಏಪ್ರಿಲ್ 28ಕ್ಕೆ ತಿಳಿಸಿದ್ದೆವು. ಜೂನ್ 1ಕ್ಕೆ ಮೂರು ಕೀಗಳನ್ನು ಅಂಕಲ್ ಕೈಗೆ ಕೊಟ್ಟಿದ್ದೇವೆ, ತಲುಪಿದೆ ಅಂತ ಅವರು ಅದೇ ದಿನ ಮೆಸೇಜ್ ಮಾಡಿದ್ದಾರೆ.
>
> ನಾವು ಕೊಟ್ಟ ಠೇವಣಿ: ರೂ. 60,000
>
> ನಮ್ಮಿಂದ ಬರಬೇಕಾದ್ದು:
> ಮೇ ತಿಂಗಳ ಬಾಡಿಗೆ: 8,820
> ಪೇಂಟಿಂಗ್, ಕರಾರಿನಂತೆ ಒಂದು ತಿಂಗಳ ಬಾಡಿಗೆ: 8,820
> ಕರೆಂಟ್, ಜೂನ್ 4ರ ಬಿಲ್: 386
> ನೀರು, ಮೇ ತಿಂಗಳದ್ದು: 200
> ವಾಶ್ ಬೇಸಿನ್ ಮತ್ತು ಕೂಲಿ: 2,350
> ಒಟ್ಟು: 20,576
>
> ನಮಗೆ ಬರಬೇಕಾದ್ದು: ರೂ. 39,424
>
> ಬಿಲ್, ಬೇಸಿನ್ ಅಂಗಡಿಯ ಚೀಟಿ, ಮೀಟರಿನ ಫೋಟೊ ಜೊತೆಗಿವೆ. ಗೃಹಜ್ಯೋತಿ ಡಿ-ಲಿಂಕ್ ಮಾಡಿದ್ದೇನೆ.
>
> ಈ ಹಣವನ್ನು ಜೂನ್ 30ರೊಳಗೆ, ನಾನು ಯಾವ ಖಾತೆಯಿಂದ ಬಾಡಿಗೆ ಕಳಿಸುತ್ತಿದ್ದೆನೋ ಅದೇ ನನ್ನ ಖಾತೆಗೆ ಹಾಕಬೇಕಾಗಿ ವಿನಂತಿ. ಹೊಸ ಮನೆಗೆ ಜುಲೈ 5ಕ್ಕೆ ಹಣ ಕಟ್ಟಬೇಕಾಗಿದೆ. ಪಟ್ಟಿಯಲ್ಲಿ ಯಾವುದಾದರೂ ಸರಿ ಇಲ್ಲ ಅನಿಸಿದರೆ, ಯಾವುದು, ಎಷ್ಟು ಅಂತ ಜೂನ್ 20ರೊಳಗೆ ಬರೆದು ತಿಳಿಸಿ. ಕೂತು ನೋಡೋಣ.
>
> ಮೂರು ವರ್ಷ ನಮ್ಮನ್ನು ಮನೆಯವರಂತೆ ನೋಡಿಕೊಂಡಿದ್ದೀರಿ. ಧನ್ಯವಾದ.

ವಕೀಲರು, ಪೊಲೀಸ್, ಬಡ್ಡಿ ಅಂತ ಒಂದು ಮಾತೂ ಹಾಕಲಿಲ್ಲ. ಠೇವಣಿಯ ತಕರಾರು ಸಿವಿಲ್ ವ್ಯವಹಾರ, ಠಾಣೆಗೆ ಹೋದರೂ ಸಾಮಾನ್ಯವಾಗಿ ಹಾಗೇ ಹೇಳಿ ಕಳಿಸುತ್ತಾರೆ. ಹೇಳಿದ ತಾರೀಕು ದಾಟಿದರೆ ಮುಂದಿನ ದಾರಿ ವಕೀಲರಿಂದ ನೋಟಿಸ್, ಅದಕ್ಕೂ ಬಗ್ಗದಿದ್ದರೆ ದಾವೆ. ಇಂಥ ಹಣಕ್ಕೆ ದಾವೆ ಹಾಕಲು ಸಾಮಾನ್ಯವಾಗಿ ಮೂರು ವರ್ಷದ ಕಾಲ ಇರುತ್ತದೆ. ಹಾಗಾಗಿ ಮೊದಲ ಪತ್ರದಲ್ಲೇ ಅದನ್ನೆಲ್ಲ ತರುವ ಅವಸರ ಇರಲಿಲ್ಲ.

ಹಾಲು ಉಕ್ಕಿಸಿದ ಫೋಟೊ

ಮೂರನೇ ದಿನ ಯಜಮಾನರ ಮಗನ ಉತ್ತರ ಬಂತು. ಪೇಂಟಿಂಗ್‌ಗೆ ಇಪ್ಪತ್ತೈದು ಸಾವಿರ ಆಗುತ್ತದೆ, 8,820 ಸಾಲುವುದಿಲ್ಲ. ಅಡುಗೆಮನೆ ಗ್ರಾನೈಟ್ ಕಟ್ಟೆಯ ಮೂಲೆ ಒಡೆದಿದೆ, ಅದಕ್ಕೆ 4,000. ಓದಿದಾಗ ಕೋಪ ಬಂತು. ಅದೇ ಕೋಪದಲ್ಲಿ ಉತ್ತರ ಬರೆಯಬಾರದು ಅಂತ ಬೆಳಿಗ್ಗೆವರೆಗೆ ಬಿಟ್ಟೆ.

ಪೇಂಟಿಂಗಿಗೆ ಉತ್ತರ ಕರಾರಿನಲ್ಲೇ ಇತ್ತು. ಒಂದು ತಿಂಗಳ ಬಾಡಿಗೆ ಅಂತ ಮೊದಲೇ ಗೊತ್ತು ಮಾಡಿದ ಮೇಲೆ ನಿಜವಾದ ಖರ್ಚು ಜಾಸ್ತಿ ಆದರೂ ಕಡಿಮೆ ಆದರೂ ಲೆಕ್ಕ ಅಷ್ಟೇ. ಅವರು ಐದು ಸಾವಿರದಲ್ಲಿ ಒಂದು ಕೋಟು ಹೊಡೆಸಿದ್ದರೆ ನಾನು ಉಳಿದದ್ದು ವಾಪಸ್ ಕೇಳುತ್ತಿರಲಿಲ್ಲವಲ್ಲ. ಮೊಳೆಯ ತೂತು, ಒಲೆ ಹಿಂದಿನ ಎಣ್ಣೆ ಕಲೆ ಎಲ್ಲಾ ಅದರಲ್ಲೇ ಬಂತು. ಕರಾರಿನಲ್ಲಿ ಅಂಥ ಸಾಲೇ ಇಲ್ಲದವರಿಗೂ ಒಂದು ಆಧಾರ ಇದೆ. 1882ರ ಆಸ್ತಿ ವರ್ಗಾವಣೆ ಕಾಯ್ದೆಯ 108ನೇ ಸೆಕ್ಷನ್ನಿನ ಪ್ರಕಾರ ಬಾಡಿಗೆದಾರರು ಮನೆಯನ್ನು ಪಡೆದ ಸ್ಥಿತಿಯಲ್ಲೇ ಒಪ್ಪಿಸಬೇಕು, ಆದರೆ ಸಹಜವಾಗಿ ಬಳಸಿ ಸವೆದದ್ದಕ್ಕೆ ಅವರು ಹೊಣೆಯಲ್ಲ. ಮೂರು ವರ್ಷದಲ್ಲಿ ಬಣ್ಣ ಮಾಸುವುದು ಸವೆತ. ಚೊಂಬು ಬಿದ್ದು ಬೇಸಿನ್ ಸೀಳುವುದು ಸವೆತವಲ್ಲ. ಅದಕ್ಕೇ ಅದನ್ನು ನಾನೇ ಬರೆದಿದ್ದೆ.

ಕಟ್ಟೆಯ ಮೂಲೆ ಕಷ್ಟದ್ದಾಗಿತ್ತು. ನಾವು ಬಂದಾಗಲೇ ಅದು ಒಡೆದಿತ್ತು, ನನಗೆ ಖಾತ್ರಿ ನೆನಪಿದೆ. ಆದರೆ ನೆನಪನ್ನು ಮೇಲ್‌ಗೆ ಲಗತ್ತಿಸಲು ಬರುವುದಿಲ್ಲ. ಬಂದ ದಿನ ಮನೆಯ ಫೋಟೊ ತೆಗೆದಿರಲಿಲ್ಲ. ಈಗ ಹೊಸ ಮನೆಯಲ್ಲಿ ಸಾಮಾನು ಇಳಿಸುವ ಮೊದಲೇ ಒಂದೊಂದು ಗೋಡೆ, ನಲ್ಲಿ, ಬಾಗಿಲು ವಿಡಿಯೊ ಮಾಡಿ ಯಜಮಾನರಿಗೇ ಕಳಿಸಿದ್ದೇನೆ. ಆಗ ಅದು ಹೊಳೆದಿರಲಿಲ್ಲ. ರಾತ್ರಿ ಎಲ್ಲಾ ಫೋನಿನಲ್ಲಿ 2022ರ ಜೂನ್ ಹುಡುಕಿದೆ. ಸಿಕ್ಕಿದ್ದು ಹಾಲು ಉಕ್ಕಿಸಿದ ದಿನದ ಒಂದೇ ಫೋಟೊ. ಅತ್ತೆ ಒಲೆ ಮುಂದೆ ನಿಂತಿದ್ದಾರೆ, ಪಾತ್ರೆಗೆ ಅರಿಶಿನ ಕುಂಕುಮ ಹಚ್ಚಿದೆ, ನೊರೆ ಉಕ್ಕಿ ಸ್ಟವ್ ಮೇಲೆ ಚೆಲ್ಲುತ್ತಿದೆ. ಮಗ ಅವರ ಸೆರಗು ಹಿಡಿದಿದ್ದಾನೆ. ಅವನ ತಲೆಯ ಪಕ್ಕದಲ್ಲೇ ಕಟ್ಟೆಯ ಮೂಲೆ. ದೊಡ್ಡದು ಮಾಡಿ ನೋಡಿದೆ. ಕರಿ ಗ್ರಾನೈಟಿನಲ್ಲಿ ಹೆಬ್ಬೆರಳಿನಷ್ಟು ಚೂರು ಹೋಗಿ ಒಳಗಿನ ಬೂದು ಬಣ್ಣ ಕಾಣುತ್ತಿತ್ತು. ನಮ್ಮ ಸಾಮಾನಿನ್ನೂ ಗೋಣಿಚೀಲದಲ್ಲೇ ಇದ್ದವು, ಅದೂ ಫೋಟೊದಲ್ಲಿದೆ. ನನಗೆ ಕಣ್ಣು ತುಂಬಿ ಬಂತು. ನಾಲ್ಕು ಸಾವಿರ ಉಳಿಯಿತು ಅಂತ ಅಲ್ಲ. ಅತ್ತೆ ಈಗ ಇಲ್ಲ. ಎಷ್ಟು ದಿನದಿಂದ ಆ ಫೋಟೊ ನೋಡಿರಲಿಲ್ಲ.

ಬೆಳಿಗ್ಗೆ ಕರಾರಿನ ಆ ಪುಟ, ಈ ಫೋಟೊ ಎರಡನ್ನೂ ಹಾಕಿ ನಾಲ್ಕು ಸಾಲು ಬರೆದೆ. ಮೊತ್ತವೂ ತಾರೀಕೂ ಹಿಂದಿನ ಮೇಲ್‌ನಲ್ಲಿದ್ದಂತೆಯೇ ಅಂತ ಕೊನೆಗೆ ಸೇರಿಸಿದೆ.

ಜಗಲಿಯ ಮೇಲೆ

ಆ ಸಂಜೆ ಪ್ರಿಂಟ್ ಹಿಡಿದು ಯಜಮಾನರ ಮನೆಗೆ ಹೋದೆ. ಆಂಟಿ ಚಹಾ ಮಾಡಿದರು. ಅಂಕಲ್ ಜಗಲಿ ಮೇಲೆ ಕೂತು ಕನ್ನಡಕ ಹಾಕಿಕೊಂಡು ಒಂದೊಂದೇ ಸಾಲಿನ ಮೇಲೆ ಬೆರಳಿಟ್ಟು ಓದಿದರು. ಪೇಂಟಿಂಗ್ ಸಾಲಿನ ಹತ್ತಿರ ಬೆರಳು ನಿಂತಿತು.

"ಇದು ಎಂಟು ಸಾವ್ರ ಅಲ್ಲೇನಮ್ಮ? ನೀವು ಬಂದಾಗ ಎಂಟೇ ಇತ್ತಲ್ಲ."

"ಕೊನೆ ಕರಾರಿನಾಗೆ 8,820 ಐತಲ್ಲ ಅಂಕಲ್. ಅದನ್ನೇ ಹಾಕೀನಿ."

ಅವರು ಸ್ವಲ್ಪ ಹೊತ್ತು ಏನೂ ಅನ್ನಲಿಲ್ಲ. ಬೆರಳು ಬೇಸಿನ್‌ಗೆ ಇಳಿಯಿತು. "ಇದನ್ನೂ ನೀವೇ ಬರ್ದೀರಾ?" ಅಂದರು. ಹೂಂ ಅಂದೆ. ಹಾಳೆ ಮಡಚಿ ಜೇಬಿಗೆ ಇಟ್ಟುಕೊಂಡು, "ಅವ್ನಿಗೆ ನಾ ಹೇಳ್ತೀನಿ, ಆ ಕಲ್ಲಿನ ವಿಷ್ಯ ಬಿಡು" ಅಂದರು. ಆಮೇಲೆ ದನಿ ಇಳಿಸಿ, "ಒಂದೇ ಸಲಕ್ಕೆ ಆಗಂಗಿಲ್ಲಮ್ಮ. ಮೋಟರ್ ಸುಟ್ಟು ಹೋಗಿ ಈ ತಿಂಗ್ಳು ಕೈ ಖಾಲಿ" ಅಂದರು.

ಎರಡು ಕಂತಿನ ಮಾತನ್ನು ನಾನು ಮೇಲ್‌ನಲ್ಲಿ ಬೇಕಂತಲೇ ಹಾಕಿರಲಿಲ್ಲ. ಕೇಳುವ ಮೊದಲೇ ನಾವೇ ಕಂತು ಅಂದುಬಿಟ್ಟರೆ ಮೊದಲ ತಾರೀಕಿಗೆ ಬೆಲೆ ಇರುವುದಿಲ್ಲ. ಈಗ ಅವರೇ ಕಷ್ಟ ಹೇಳಿದ್ದರು, ಅದು ನಿಜವೂ ಆಗಿತ್ತು. ಹಿತ್ತಲಲ್ಲಿ ಬಿಚ್ಚಿಟ್ಟ ಮೋಟರ್ ಕಾಣುತ್ತಿತ್ತು. ಜೂನ್ 30ರೊಳಗೆ ಇಪ್ಪತ್ತು ಸಾವಿರ, ಉಳಿದ 19,424 ಜುಲೈ 10ರೊಳಗೆ ಅಂತ ಇಬ್ಬರೂ ಒಪ್ಪಿದೆವು. ಹೊಸ ಮನೆಯವರಿಗೆ ನಾನು ಐದು ದಿನ ತಡ ಆಗುತ್ತದೆ ಅಂತ ಹೇಳಿಕೊಂಡರಾಯಿತು.

ಮನೆಗೆ ಬಂದ ತಕ್ಷಣ ಒಂದು ಸಣ್ಣ ಮೇಲ್: "ಇವತ್ತು ಅಂಕಲ್ ಜೊತೆ ಮಾತಾಡಿದಂತೆ, ಒಟ್ಟು ರೂ. 39,424ರಲ್ಲಿ 20,000 ಜೂನ್ 30ರೊಳಗೆ, 19,424 ಜುಲೈ 10ರೊಳಗೆ. ಸರಿ ಇದ್ದರೆ ದಯವಿಟ್ಟು ಉತ್ತರಿಸಿ." ಜಗಲಿ ಮೇಲಿನ ಮಾತನ್ನು ನಾನು ನಂಬುತ್ತೇನೆ. ಆದರೆ ಮೊತ್ತಕ್ಕೆ ಅವರ ಕಡೆಯಿಂದ ಬರಹದಲ್ಲಿ ಒಪ್ಪಿಗೆ ಬಂದರೆ ಮುಂದೆ ತಕರಾರಿಗೆ ಜಾಗ ಇರುವುದಿಲ್ಲ. ರಾತ್ರಿ ಹತ್ತಕ್ಕೆ ಮಗನಿಂದ ಉತ್ತರ: "ಸರಿ ಮೇಡಂ."

ಮೊದಲ ಕಂತು ಜೂನ್ 28ಕ್ಕೆ ಬಂತು, ಎರಡನೆಯದು ಜುಲೈ 9ಕ್ಕೆ. ಆವತ್ತು ಅಂಗಡಿಯಲ್ಲಿ ಊಟದ ಹೊತ್ತಿಗೆ ಅದೇ ಮೇಲ್‌ಗೆ ಕೊನೆಯ ಉತ್ತರ ಬರೆದೆ: "ಠೇವಣಿಯ ಪೂರ್ತಿ ಹಣ ರೂ. 39,424 ತಲುಪಿದೆ. ವಿದ್ಯಾನಗರದ ಮನೆಯ ಬಗ್ಗೆ ನಮ್ಮ ಕಡೆಯಿಂದ ಇನ್ನು ಯಾವ ಬಾಕಿಯೂ ಇಲ್ಲ." ಸ್ವಲ್ಪ ಹೊತ್ತಿಗೆ ಅಂಕಲ್ ಫೋನ್ ಮಾಡಿದರು. ಮನೆ ನೋಡಲು ಯಾರೋ ಬರುತ್ತಾರಂತೆ, ಅವರಿಗೆ ಗೃಹಜ್ಯೋತಿ ಜೋಡಿಸುವುದು ಹೆಂಗೆ ಅಂತ ಕೇಳಿದರು. ಆರ್.ಆರ್. ನಂಬರ್ ಬಿಲ್ಲಿನ ಯಾವ ಜಾಗದಲ್ಲಿ ಇರುತ್ತದೆ ಅಂತ ಹೇಳಿಕೊಟ್ಟೆ.